ಕಾಲೇಜು ವಿದ್ಯಾರ್ಥಿಗಳು ಸುಳ್ಳು ಸುದ್ದಿ ಕಳಿಸುವುದನ್ನು ಅಳೆಯುವುದು ಹೇಗೆ? ಧಾರವಾಡ ಜಿಲ್ಲೆಗೆ ಒಂದು ಸಂಶೋಧನಾ ಪ್ರಸ್ತಾವ

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಎರಡು ತಿಂಗಳೂ ಕಳೆದಿರಲಿಲ್ಲ, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮತ್ತೆ ಅದೇ ಆಯಿತು. ಹೈದರಾಬಾದಿನಿಂದ ಬಂದಿದ್ದ ಒಂದಷ್ಟು ಜನ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿ, ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜೀವ ಕಳೆದುಕೊಂಡ. ಆ ವರ್ಷ ವಾಟ್ಸಾಪ್‌ನಲ್ಲಿ ಓಡಾಡಿದ ವಿಡಿಯೋಗಳಲ್ಲಿ ಒಂದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸಲು ತೆಗೆದದ್ದು. ಅದರಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ವಾಪಸ್ ತಂದು ಬಿಟ್ಟು ಒಂದು ಫಲಕ ಹಿಡಿದು ತೋರಿಸುತ್ತಾರೆ. ವಾಪಸ್ ಬರುವ ಭಾಗವನ್ನು ಯಾರೋ ಕತ್ತರಿಸಿದ್ದರು. ಉಳಿದದ್ದು ಅಪಹರಣ ಮಾತ್ರ.

ಆ ವಿಡಿಯೋ ಕಳಿಸಿದವರನ್ನು ಕೂರಿಸಿ ಕೇಳಿದರೆ ಎಲ್ಲರೂ "ನಾನು ನಂಬಿದ್ದೆ" ಅನ್ನುವುದಿಲ್ಲ. "ಖಾತ್ರಿ ಇರಲಿಲ್ಲ, ಯಾವುದಕ್ಕೂ ಇರಲಿ ಅಂತ ಕಳಿಸಿದೆ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ನಂಬುವುದು ಒಂದು, ಕಳಿಸುವುದು ಇನ್ನೊಂದು. ಆದರೆ ಕಾಲೇಜು ವಿದ್ಯಾರ್ಥಿಗಳು ಮತ್ತು ಸುಳ್ಳು ಸುದ್ದಿ ಅಂತ ಬರುವ ಸಂಶೋಧನಾ ಪ್ರಸ್ತಾವಗಳಲ್ಲಿ ಹೆಚ್ಚಿನವು ಇವೆರಡನ್ನೂ ಬೆರೆಸಿಬಿಡುತ್ತವೆ. ಪತ್ರಿಕೋದ್ಯಮ, ಸಮಾಜಶಾಸ್ತ್ರ, ಸಮಾಜಕಾರ್ಯ ವಿಭಾಗಗಳಲ್ಲಿ ಈ ವಿಷಯ ಈಗ ಬಹಳ ಜನಪ್ರಿಯ. ಸಿನಾಪ್ಸಿಸ್ ಬರೆಯುತ್ತಿರುವವರಿಗೆ ಅನುಕೂಲ ಆಗಲಿ ಅಂತ, ಧಾರವಾಡ ಜಿಲ್ಲೆಯನ್ನು ಇಟ್ಟುಕೊಂಡು ಇಂಥ ಪ್ರಸ್ತಾವವನ್ನು ಹೇಗೆ ಕಟ್ಟಬಹುದು ಅಂತ ಇಲ್ಲಿ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಮಾಮೂಲಿ ಪ್ರಸ್ತಾವ ಹೇಗಿರುತ್ತದೆ ಅಂತ ಮೊದಲು ನೋಡೋಣ. ಗೂಗಲ್ ಫಾರ್ಮ್ ಒಂದನ್ನು ಮಾಡಿ, ಪರಿಚಯದ ನಾಲ್ಕು ಲೆಕ್ಚರರ್‌ಗಳ ಮೂಲಕ ಕ್ಲಾಸ್ ಗ್ರೂಪ್‌ಗಳಿಗೆ ಹಾಕಿಸುತ್ತಾರೆ. ಇನ್ನೂರು ಉತ್ತರ ಬಂದರೆ ಸಾಕು ಅಂತ ನಿಲ್ಲಿಸುತ್ತಾರೆ. ಪ್ರಶ್ನೆ ಹೀಗಿರುತ್ತದೆ: "ನೀವು ಸುಳ್ಳು ಸುದ್ದಿಯನ್ನು ಇತರರೊಂದಿಗೆ ಹಂಚಿಕೊಳ್ಳುತ್ತೀರಾ? ಯಾವಾಗಲೂ, ಕೆಲವೊಮ್ಮೆ, ಎಂದಿಗೂ ಇಲ್ಲ." ಇದಕ್ಕೆ ಯಾರು ತಾನೆ ಯಾವಾಗಲೂ ಅಂತ ಒತ್ತುತ್ತಾರೆ? ಗೊತ್ತಿದ್ದು ಕಳಿಸಿದವನು ಒಪ್ಪಿಕೊಳ್ಳುವುದಿಲ್ಲ, ಗೊತ್ತಿಲ್ಲದೆ ಕಳಿಸಿದವನಿಗೆ ತಾನು ಕಳಿಸಿದ್ದು ಸುಳ್ಳು ಅಂತಲೇ ತಿಳಿದಿರುವುದಿಲ್ಲ. ಇಬ್ಬರೂ ಇಲ್ಲ ಅಂತಲೇ ಬರೆಯುತ್ತಾರೆ. ಕೊನೆಗೆ ಸಿಗುವುದು ವಿದ್ಯಾರ್ಥಿಗಳಿಗೆ ತಮ್ಮ ಬಗ್ಗೆ ಇರುವ ಅಭಿಪ್ರಾಯ ಅಷ್ಟೆ, ಅವರು ಏನು ಮಾಡುತ್ತಾರೆ ಅನ್ನುವುದಲ್ಲ.

ಇನ್ನೊಂದು ತೊಂದರೆ ಊಹೆಗಳದ್ದು. "ಲಿಂಗಕ್ಕೂ ಸುಳ್ಳು ಸುದ್ದಿ ಹಂಚಿಕೆಗೂ ಗಣನೀಯ ಸಂಬಂಧವಿಲ್ಲ, ವಾಸಸ್ಥಳಕ್ಕೂ ಹಂಚಿಕೆಗೂ ಗಣನೀಯ ಸಂಬಂಧವಿಲ್ಲ, ತಂದೆಯ ಉದ್ಯೋಗಕ್ಕೂ..." ಅಂತ ಹತ್ತು ಸಾಲು ಬರೆದಿರುತ್ತಾರೆ. ಶೇ. 5ರ ಮಟ್ಟದಲ್ಲಿ ಹತ್ತು ಸ್ವತಂತ್ರ ಪರೀಕ್ಷೆ ಮಾಡಿದರೆ ನಿಜವಾಗಿ ಸಂಬಂಧವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಒಂದಾದರೂ "ಗಣನೀಯ" ಅಂತ ಬರುವ ಸಾಧ್ಯತೆ ಶೇ. 40ರಷ್ಟು ಇರುತ್ತದೆ. ಆ ಒಂದನ್ನು ಹಿಡಿದುಕೊಂಡು ಅಧ್ಯಾಯ ಬರೆಯುವುದು ಸುಲಭ, ಆದರೆ ಅದರಲ್ಲಿ ಹುರುಳಿಲ್ಲ. ಊಹೆಗೆ ಒಂದು ಕಾರಣ ಬೇಕು, ಅದು ಸೋಲುವ ದಾರಿಯೂ ಬೇಕು. ಮೂರೋ ನಾಲ್ಕೋ ಇದ್ದರೆ ಸಾಕು.

ಯುವಕರನ್ನೇ ಯಾಕೆ ಕೇಳಬೇಕು?

ಗೈಡ್ ಕೇಳುವ ಮೊದಲ ಪ್ರಶ್ನೆ ಇದು, ಕೇಳಲೇಬೇಕಾದದ್ದೂ ಹೌದು. ಅಮೆರಿಕದ 2016ರ ಚುನಾವಣೆಯ ಸಮಯದ ಫೇಸ್‌ಬುಕ್ ಹಂಚಿಕೆಯನ್ನು ಗೆಸ್, ನಾಗ್ಲರ್, ಟಕರ್ ಅನ್ನುವ ಮೂವರು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಸುಳ್ಳು ಸುದ್ದಿ ತಾಣಗಳ ಕೊಂಡಿಗಳನ್ನು 65 ದಾಟಿದವರು ಅತಿ ಕಿರಿಯ ಗುಂಪಿನವರಿಗಿಂತ ಸುಮಾರು ಏಳು ಪಟ್ಟು ಜಾಸ್ತಿ ಹಂಚಿದ್ದರು. ಹಾಗಿದ್ದರೆ ಕಾಲೇಜು ಹುಡುಗರ ಹಿಂದೆ ಬೀಳುವುದು ಯಾಕೆ?

ನಮ್ಮಲ್ಲಿ ಅವರ ಜಾಗವೇ ಬೇರೆ. ಕಲಘಟಗಿಯ ಹಳ್ಳಿಯೊಂದರಲ್ಲಿ ಅಪ್ಪನ ಫೋನಿಗೆ ಏನೋ ಬಂದರೆ "ತಮ್ಮಾ, ಇದು ಖರೇ ಐತೇನ್ ನೋಡು" ಅಂತ ಕೇಳುವುದು ಡಿಗ್ರಿ ಓದುವ ಮಗನನ್ನೇ. ಫೋನ್ ಸೆಟ್ ಮಾಡಿಕೊಟ್ಟವನು ಅವನು, ಮನೆಯವರ ಗ್ರೂಪ್ ಮಾಡಿದವನೂ ಅವನೇ. ಅವನು ಹೂಂ ಅಂದರೆ ಅದು ಸಂಜೆಯೊಳಗೆ ಸೋದರಮಾವನ ಊರಿಗೂ ಹೋಗುತ್ತದೆ. ಆದ್ದರಿಂದ ಪ್ರಸ್ತಾವದಲ್ಲಿ "ಯುವಕರು ಜಾಸ್ತಿ ಸುಳ್ಳು ಹಂಚುತ್ತಾರೆ" ಅಂತ ಬರೆಯಬೇಡಿ, ಅದಕ್ಕೆ ಆಧಾರ ಇಲ್ಲ. ಮನೆಗೂ ಹೊರಜಗತ್ತಿಗೂ ನಡುವೆ ಸುದ್ದಿ ದಾಟಿಸುವವರು ಅವರು, ಅದಕ್ಕೇ ಅವರನ್ನು ಆರಿಸಿದ್ದೇವೆ ಅಂತ ಬರೆಯಿರಿ. ಹಾಗೆ ಬರೆದ ತಕ್ಷಣ ಪ್ರಶ್ನೆಪತ್ರಿಕೆಯೂ ಬದಲಾಗುತ್ತದೆ. ಕಳಿಸುತ್ತೀರಾ ಅಂತ ಮಾತ್ರ ಕೇಳಿದರೆ ಸಾಲದು, ಯಾರಿಗೆ ಅಂತಲೂ ಕೇಳಬೇಕಾಗುತ್ತದೆ.

ಕಳಿಸುವುದನ್ನು ಅಳೆಯುವ ರೀತಿ

ವಿದ್ಯಾರ್ಥಿಗೆ ಹನ್ನೆರಡು ಸಂದೇಶಗಳನ್ನು ವಾಟ್ಸಾಪ್‌ನಲ್ಲಿ ಕಾಣುವ ಹಾಗೆಯೇ ತೋರಿಸಬೇಕು. ಆರು ನಿಜ, ಆರು ಸುಳ್ಳು, ಕ್ರಮ ಕಲಸಿರಬೇಕು. ಪ್ರತಿಯೊಂದಕ್ಕೂ ಮೊದಲು ಕೇಳುವುದು ಒಂದೇ: ಇದು ನಿಮಗೆ ಬಂದಿದ್ದರೆ ಮುಂದೆ ಕಳಿಸುತ್ತಿದ್ದಿರಾ, ಕಳಿಸಿದರೆ ಮನೆಯವರ ಗ್ರೂಪಿಗೋ, ಕ್ಲಾಸಿನ ಗ್ರೂಪಿಗೋ, ಎರಡಕ್ಕೋ? ಹನ್ನೆರಡೂ ಮುಗಿದ ಮೇಲೆ ಎರಡನೇ ಸುತ್ತು. ಅದೇ ಸಂದೇಶಗಳನ್ನು ಮತ್ತೆ ತೋರಿಸಿ, ಇದು ನಿಜ ಅನಿಸುತ್ತದಾ ಅಂತ ಕೇಳಬೇಕು.

ಎರಡು ಸುತ್ತು ಯಾಕೆ ಅಂದರೆ, ನಿಜಾನಾ ಅಂತ ಕೇಳುವುದೇ ಒಂದು ಮದ್ದಿನ ಹಾಗೆ ಕೆಲಸ ಮಾಡುತ್ತದೆ. ಗಾರ್ಡನ್ ಪೆನಿಕುಕ್ ಮತ್ತು ಡೇವಿಡ್ ರ‍್ಯಾಂಡ್ ತಂಡ 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಸುಳ್ಳನ್ನು ಗುರುತಿಸಬಲ್ಲವರಾಗಿದ್ದರೂ ಹಂಚುವಾಗ ಆ ಕಡೆ ಗಮನವನ್ನೇ ಕೊಟ್ಟಿರಲಿಲ್ಲ. ಒಂದು ಶೀರ್ಷಿಕೆ ತೋರಿಸಿ ಇದು ನಿಜವಾ ಅಂತ ಒಮ್ಮೆ ಕೇಳಿದ್ದಕ್ಕೇ ಆಮೇಲಿನ ಹಂಚಿಕೆಯ ಗುಣಮಟ್ಟ ಸ್ವಲ್ಪ ಸುಧಾರಿಸಿತು. ಹಾಗಾಗಿ ಒಂದೇ ಪುಟದಲ್ಲಿ ನಂಬಿಕೆ ಮತ್ತು ಹಂಚಿಕೆ ಎರಡನ್ನೂ ಕೇಳಿದರೆ ನಾವು ಅಳೆಯಹೊರಟಿದ್ದನ್ನು ನಾವೇ ಬದಲಾಯಿಸಿದಂತೆ. ಬಹಳಷ್ಟು ಸರ್ವೆಗಳು ಇಲ್ಲೇ ಕೆಡುತ್ತವೆ, ಕೆಟ್ಟಿದ್ದು ಗೊತ್ತೂ ಆಗುವುದಿಲ್ಲ.

ಸಂದೇಶಗಳನ್ನು ಆರಿಸುವುದು ಇಡೀ ಅಧ್ಯಯನದಲ್ಲೇ ಕಷ್ಟದ ಕೆಲಸ. 2016ರ ನೋಟು ರದ್ದತಿ ಸಮಯದ "2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ" ಅನ್ನುವುದನ್ನು ಹಾಕಿದರೆ ಉಪಯೋಗವಿಲ್ಲ, ಅದು ಸುಳ್ಳು ಅಂತ ಈಗ ಎಲ್ಲರಿಗೂ ಗೊತ್ತು. ತೀರಾ ಹೊಸದನ್ನು ಹಾಕಿದರೆ ಅದರ ಸತ್ಯಾಸತ್ಯತೆಯೇ ಇನ್ನೂ ಇತ್ಯರ್ಥವಾಗಿರುವುದಿಲ್ಲ. ಹಿಂದಿನ ಐದಾರು ತಿಂಗಳಲ್ಲಿ ಓಡಾಡಿದ, ಕನಿಷ್ಠ ಎರಡು ಫ್ಯಾಕ್ಟ್‌ಚೆಕ್ ಸಂಸ್ಥೆಗಳು ಬೇರೆಬೇರೆಯಾಗಿ ಪರಿಶೀಲಿಸಿ ಸುಳ್ಳು ಅಂತ ಹೇಳಿರುವುದನ್ನು ಮಾತ್ರ ತೆಗೆದುಕೊಳ್ಳಬೇಕು.

ನಿಜವಾದ ಸಂದೇಶ ಆರಿಸುವುದಕ್ಕೂ ಇಷ್ಟೇ ಜಾಗ್ರತೆ ಬೇಕು. ಸುಳ್ಳಿನ ಪಕ್ಕದಲ್ಲಿ ಸಪ್ಪೆಯಾದ ಸರ್ಕಾರಿ ಪ್ರಕಟಣೆ ಇಟ್ಟರೆ ವಿದ್ಯಾರ್ಥಿ ಸುಳ್ಳನ್ನೇ ಕಳಿಸುತ್ತಾನೆ. ಸುಳ್ಳು ಅನ್ನುವ ಕಾರಣಕ್ಕಲ್ಲ, ರುಚಿಯಾಗಿದೆ ಅಂತ. ಆದ್ದರಿಂದ ಜೋಡಿ ಹೊಂದಿಸಬೇಕು. "ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆ" ಅನ್ನುವುದು ಹಳೆಯ ಸುಳ್ಳು. ಅದು ಓಡುವುದು ಹೆಮ್ಮೆಯಿಂದ. ಅದಕ್ಕೆ ಜೋಡಿಯಾಗಿ ಹೆಮ್ಮೆಯನ್ನೇ ಮೀಟುವ ನಿಜ ಬೇಕು: "ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ, ಅದು ಹೊರದೇಶಗಳಿಗೂ ರಫ್ತಾಗುತ್ತದೆ." ಎರಡನ್ನೂ ಒಂದೇ ಉದ್ದಕ್ಕೆ, ಒಂದೇ ಬಗೆಯ ಭಾಷೆಯಲ್ಲಿ, ಅಷ್ಟೇ ಬಣ್ಣದ ಚಿತ್ರದ ಜೊತೆ ಬರೆದರೆ ಆಗ ಹೋಲಿಕೆಗೆ ಅರ್ಥ ಬರುತ್ತದೆ. ಇದೇ ರೀತಿ ಭಯದ ಸುಳ್ಳಿಗೆ ಭಯದ ನಿಜ, ಮನೆಮದ್ದಿನ ಸುಳ್ಳಿಗೆ ಆರೋಗ್ಯದ ನಿಜ. ಮತಗಳ ನಡುವೆ ದ್ವೇಷ ಹುಟ್ಟಿಸುವ ಸುಳ್ಳುಗಳನ್ನು ಮಾತ್ರ ಹಾಕಬಾರದು. ಕೊನೆಯಲ್ಲಿ ಸತ್ಯ ತಿಳಿಸಿದರೂ ಅದನ್ನು ಕ್ಲಾಸಿನೊಳಗೆ ತಂದವರು ನಾವೇ ಆಗುತ್ತೇವೆ. ಇದರಿಂದ ಅಧ್ಯಯನಕ್ಕೆ ಒಂದು ದೊಡ್ಡ ಮಿತಿ ಬರುತ್ತದೆ ನಿಜ. ಆ ಮಿತಿಯನ್ನು ಪ್ರಸ್ತಾವದಲ್ಲೇ ಹೇಳಿಬಿಡಬೇಕು.

ಸಣ್ಣ ವಿವರ ಒಂದಿದೆ. ಈಗ ವಾಟ್ಸಾಪ್‌ನಲ್ಲಿ ಬಹಳ ಸಲ ಕೈಬದಲಾದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬರುತ್ತದೆ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ನಾವು ತೋರಿಸುವ ಚಿತ್ರಗಳಲ್ಲಿ ಈ ಗುರುತು ಎಲ್ಲದರಲ್ಲೂ ಇರಬೇಕು, ಇಲ್ಲವೇ ಯಾವುದರಲ್ಲೂ ಇರಬಾರದು. ಸುಳ್ಳಿನ ಚಿತ್ರ ನಿಜವಾದ ಫೋನಿನಿಂದ ತೆಗೆದದ್ದು, ನಿಜದ ಚಿತ್ರ ನಾವೇ ಮಾಡಿದ್ದು ಅಂತಾದರೆ ಬಾಣ ಸುಳ್ಳಿನ ಮೇಲೆ ಮಾತ್ರ ಉಳಿಯುತ್ತದೆ. ವಿದ್ಯಾರ್ಥಿಗಳು ಅದನ್ನು ನೋಡಿಯೇ ಉತ್ತರಿಸುತ್ತಾರೆ.

ಪ್ರತಿಯೊಬ್ಬರ ಅಂಕ ಲೆಕ್ಕ ಹಾಕುವುದು ಸರಳ. ಒಬ್ಬಳು ಆರು ನಿಜದಲ್ಲಿ ನಾಲ್ಕನ್ನು, ಆರು ಸುಳ್ಳಿನಲ್ಲಿ ಮೂರನ್ನು ಕಳಿಸುತ್ತೇನೆ ಅಂದಳು ಅನ್ನಿ. ನಾಲ್ಕರಲ್ಲಿ ಮೂರು ಕಳೆದರೆ ಒಂದು. ಇನ್ನೊಬ್ಬ ಒಂದು ನಿಜ ಕಳಿಸಿದ, ಸುಳ್ಳು ಒಂದನ್ನೂ ಕಳಿಸಲಿಲ್ಲ. ಅವನದ್ದೂ ಒಂದೇ. ಸುಳ್ಳನ್ನು ಮಾತ್ರ ಎಣಿಸಿದ್ದರೆ ಅವಳು ಅಪಾಯಕಾರಿ, ಅವನು ಬುದ್ಧಿವಂತ ಅಂತ ಬರುತ್ತಿತ್ತು. ನಿಜಕ್ಕೂ ಇಬ್ಬರ ವಿವೇಚನೆ ಒಂದೇ, ಅವಳು ಎಲ್ಲವನ್ನೂ ಜಾಸ್ತಿ ಕಳಿಸುವವಳು ಅಷ್ಟೆ. ಸುಳ್ಳು ಎಷ್ಟು ಹರಡಿತು ಅನ್ನುವುದಕ್ಕೆ ಅವಳ ಮೂರು ಮುಖ್ಯ, ಯಾಕೆ ಹರಡಿತು ಅನ್ನುವುದಕ್ಕೆ ನಿಜದಿಂದ ಸುಳ್ಳನ್ನು ಕಳೆದು ಬಂದ ಈ ಅಂಕ ಮುಖ್ಯ. ವರದಿಯಲ್ಲಿ ಎರಡೂ ಬರಬೇಕು.

ನಾಲ್ಕು ಊಹೆಗಳು

ಮೊದಲನೆಯದು: ವಿದ್ಯಾರ್ಥಿಗಳು ಕಳಿಸುತ್ತೇವೆ ಅಂದ ಸುಳ್ಳು ಸಂದೇಶಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವನ್ನು ಅವರೇ ಎರಡನೇ ಸುತ್ತಿನಲ್ಲಿ ಸುಳ್ಳು ಅಥವಾ ಗೊತ್ತಿಲ್ಲ ಅಂತ ಗುರುತಿಸಿರುತ್ತಾರೆ. ಕಾಲು ಭಾಗ ಅನ್ನುವುದು ನಾವು ಮೊದಲೇ ಎಳೆದುಕೊಂಡ ಗೆರೆ. ಅದಕ್ಕಿಂತ ಕಡಿಮೆ ಬಂದರೆ ಊಹೆ ಸೋತಿತು, ಜನ ನಂಬಿಯೇ ಕಳಿಸುತ್ತಾರೆ ಅಂತ ಒಪ್ಪಬೇಕು. ನಾಲ್ಕರಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದು. ನಂಬಿ ಕಳಿಸುವವನಿಗೆ ತಿಳಿವಳಿಕೆ ಕೊಡಬೇಕು, ನಂಬದೆ ಕಳಿಸುವವನಿಗೆ ತಿಳಿವಳಿಕೆ ಕೊಟ್ಟು ಏನೂ ಆಗುವುದಿಲ್ಲ.

ಎರಡನೆಯದು: ಶುರುವಿನಲ್ಲಿ ಒಂದು ಬೇರೆ ಸಂದೇಶ ತೋರಿಸಿ ಇದು ನಿಜವಾ ಅಂತ ಕೇಳಿಸಿಕೊಂಡವರಲ್ಲಿ ನಿಜದಿಂದ ಸುಳ್ಳನ್ನು ಕಳೆದು ಬರುವ ಅಂಕ, ಹಾಗೆ ಕೇಳಿಸಿಕೊಳ್ಳದವರಿಗಿಂತ ಜಾಸ್ತಿ ಇರುತ್ತದೆ. ಇದಕ್ಕೆ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಬೇಕು. ಪೆನಿಕುಕ್ ತಂಡದ ಮುಖ್ಯ ಪ್ರಯೋಗಗಳು ನಡೆದದ್ದು ಅಮೆರಿಕದಲ್ಲಿ, ಇಂಗ್ಲಿಷ್ ಶೀರ್ಷಿಕೆಗಳ ಮೇಲೆ. ಕನ್ನಡದ ಫಾರ್ವರ್ಡ್‌ಗಳ ಮೇಲೆ ಅದು ನಡೆಯುತ್ತದಾ ನೋಡಬೇಕು.

ಮೂರನೆಯದು ಮನೆಗೆ ಸಂಬಂಧಿಸಿದ್ದು. ಸುರಕ್ಷತೆ, ಆರೋಗ್ಯದ ಸುಳ್ಳುಗಳು ಕ್ಲಾಸಿನ ಗ್ರೂಪಿಗಿಂತ ಮನೆಯವರ ಗ್ರೂಪಿಗೆ ಜಾಸ್ತಿ ಹೋಗುತ್ತವೆ. ಕ್ಲಾಸಿನ ಗ್ರೂಪಿನಲ್ಲಿ ಸುಳ್ಳು ಹಾಕಿದರೆ ಗೆಳೆಯರು ಕಾಲೆಳೆಯುತ್ತಾರೆ. ಮನೆಯಲ್ಲಿ ಕಾಳಜಿ ತೋರಿಸಿದ ಹಾಗಾಗುತ್ತದೆ, ಹುಡುಗ ಹೇಳಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ನಾಲ್ಕನೆಯದು: ಫಾರ್ವರ್ಡ್ ಮಾಡುವ ಅಭ್ಯಾಸದ ಬಲ, ಸುದ್ದಿ ಪರಿಶೀಲನೆಯ ತಿಳಿವಳಿಕೆಗಿಂತ ಚೆನ್ನಾಗಿ ಸುಳ್ಳಿನ ಹಂಚಿಕೆಯನ್ನು ಮುನ್ಸೂಚಿಸುತ್ತದೆ. ಜೇಲನ್, ಆಂಡರ್ಸನ್, ವುಡ್ ಅವರ 2023ರ ಅಧ್ಯಯನದಲ್ಲಿ ಹಂಚುವ ಅಭ್ಯಾಸ ಅತಿ ಗಟ್ಟಿಯಾಗಿದ್ದ ಶೇ. 15 ಜನ, ಹಂಚಲಾದ ಸುಳ್ಳು ಸುದ್ದಿಯಲ್ಲಿ ಶೇ. 30ರಿಂದ 40ಕ್ಕೆ ಕಾರಣರಾಗಿದ್ದರು. ಇನ್ನೊಂದು ಕಡೆ, ಸುಮಿತ್ರಾ ಬದ್ರಿನಾಥನ್ 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಬಿಹಾರದಲ್ಲಿ 1,224 ಜನರೊಂದಿಗೆ ನಡೆಸಿದ ಪ್ರಯೋಗದಲ್ಲಿ ಸುಮಾರು ಒಂದು ಗಂಟೆ ಮನೆಗೇ ಹೋಗಿ ಸುಳ್ಳು ಗುರುತಿಸುವುದನ್ನು ಕಲಿಸಿದರೂ ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಇವೆರಡನ್ನೂ ಜೊತೆಗಿಟ್ಟು ನೋಡಿದಾಗ ಬರುವ ಊಹೆ ಇದು.

ಸ್ಯಾಂಪಲ್‌ಗೆ 900 ಜನ ಯಾಕೆ?

ಸ್ಯಾಂಪಲ್ ಸಂಖ್ಯೆಗೆ ಎಲ್ಲರೂ ಬರೆಯುವುದು 384. ಅದು ಬರುವುದು ಈ ಸೂತ್ರದಿಂದ:

```
n = z²pq / e² = (1.96² × 0.5 × 0.5) / 0.05² ≈ 384
```

z ಅಂದರೆ ಶೇ. 95 ಖಾತ್ರಿಗೆ ಬರುವ 1.96, p ಮತ್ತು q ಅರ್ಧರ್ಧ ಪಾಲು, e ಅಂದರೆ ಶೇ. 5ರ ಆಚೀಚೆ. ಇದು ಸರಿಯಾದ ಸೂತ್ರವೇ. ಆದರೆ ಜಿಲ್ಲೆಯ ಎಲ್ಲ ವಿದ್ಯಾರ್ಥಿಗಳ ಹೆಸರು ಒಂದು ಪಟ್ಟಿಯಲ್ಲಿದ್ದು, ಅದರಿಂದ ಚೀಟಿ ಎತ್ತಿದರೆ ಮಾತ್ರ ಇದು ಹೊಂದುತ್ತದೆ. ಅಂಥ ಪಟ್ಟಿ ಯಾರ ಹತ್ತಿರವೂ ಇಲ್ಲ. ನಾವು ಮೊದಲು ಕಾಲೇಜು ಆರಿಸಿ, ಆಮೇಲೆ ಕ್ಲಾಸು, ಆಮೇಲೆ ವಿದ್ಯಾರ್ಥಿಯನ್ನು ಆರಿಸುತ್ತೇವೆ. ಒಂದೇ ಕಾಲೇಜಿನವರು ಒಂದೇ ಗ್ರೂಪುಗಳಲ್ಲಿರುತ್ತಾರೆ, ಒಂದೇ ವಿಡಿಯೋ ನೋಡಿರುತ್ತಾರೆ, ಅವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಒಂದು ಕಾಲೇಜಿನ 30 ಜನರನ್ನು ಕೇಳಿದರೂ 30 ಸ್ವತಂತ್ರ ಉತ್ತರ ಸಿಕ್ಕಂತಲ್ಲ.

ಎಷ್ಟು ನಷ್ಟ ಅಂತ ಲೆಕ್ಕ ಹಾಕಬಹುದು. ಕಾಲೇಜಿನೊಳಗಿನ ಹೋಲಿಕೆಯ ಪ್ರಮಾಣ 0.03 ಅಂತ ಇಟ್ಟುಕೊಳ್ಳೋಣ. ಒಂದು ಕಾಲೇಜಿಗೆ 30 ಜನ ಆದರೆ, 30ರಲ್ಲಿ ಒಂದು ಕಳೆದು 0.03ರಿಂದ ಗುಣಿಸಿ ಒಂದು ಕೂಡಿಸಿದರೆ 1.87. ಅಂದರೆ 384ರ ಬದಲು 718 ಜನ ಬೇಕು. ಆರಿಸಿದವರಲ್ಲಿ ಐದರಲ್ಲೊಬ್ಬರು ಸಿಗುವುದಿಲ್ಲ ಅಥವಾ ಒಪ್ಪುವುದಿಲ್ಲ ಅಂತ ಹಿಡಿದರೆ 718ನ್ನು 0.8ರಿಂದ ಭಾಗಿಸಬೇಕು, ಸುಮಾರು 900. ಒಟ್ಟು 30 ಕಾಲೇಜು, ತಲಾ 30 ವಿದ್ಯಾರ್ಥಿಗಳು. 0.03 ಅನ್ನುವುದು ಊಹಿಸಿಕೊಂಡದ್ದು, ಆದ್ದರಿಂದ ಸರ್ವೆ ಮುಗಿದ ಮೇಲೆ ನಿಜವಾದ ಸಂಖ್ಯೆ ಲೆಕ್ಕ ಹಾಕಿ ವರದಿಯಲ್ಲಿ ಬರೆಯಬೇಕು. ಅದು 0.08 ಬಂದರೆ ನಮ್ಮ ಅಂದಾಜಿನ ನಿಖರತೆ ಕಡಿಮೆಯಾಯಿತು ಅಂತ ಮುಚ್ಚಿಡದೆ ಹೇಳಬೇಕು.

ಎರಡನೇ ಊಹೆಗೆ ಈ ನಷ್ಟ ಅಷ್ಟಾಗಿ ತಟ್ಟುವುದಿಲ್ಲ, ಯಾಕೆಂದರೆ ಪ್ರತಿ ಕ್ಲಾಸಿನೊಳಗೇ ಇಬ್ಭಾಗ ಮಾಡುತ್ತೇವೆ. ಅಲ್ಲಿ ಇನ್ನೊಂದು ಮಿತಿ ಇದೆ. ಎರಡೂ ಕಡೆ ತಲಾ 360 ಜನ ಉಳಿದರೆ ಹಿಡಿಯಬಹುದಾದ ವ್ಯತ್ಯಾಸ, ಅಂಕಗಳ ಹರಡುವಿಕೆಯ ಸುಮಾರು ಐದನೇ ಒಂದು ಭಾಗ. ಅದಕ್ಕಿಂತ ಚಿಕ್ಕ ಪರಿಣಾಮ ಇದ್ದರೆ ನಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಇಂಥ ಪ್ರಯೋಗಗಳಲ್ಲಿ ಪರಿಣಾಮ ಚಿಕ್ಕದೇ ಇರುತ್ತದೆ. ಹಾಗಾಗಿ ಫಲಿತಾಂಶ ಬರದಿದ್ದರೆ "ಪರಿಣಾಮವಿಲ್ಲ" ಅಂತ ಬರೆಯಬಾರದು, "ಇಷ್ಟು ದೊಡ್ಡ ಪರಿಣಾಮ ಇಲ್ಲ" ಅಂತ ಮಾತ್ರ ಬರೆಯಬೇಕು.

ಕಾಲೇಜುಗಳನ್ನು ಮೂರು ಗುಂಪು ಮಾಡಬೇಕು: ಹುಬ್ಬಳ್ಳಿ-ಧಾರವಾಡ ನಗರದ ಡಿಗ್ರಿ ಕಾಲೇಜುಗಳು, ನವಲಗುಂದ, ಕುಂದಗೋಳ, ಕಲಘಟಗಿ, ಅಳ್ನಾವರ, ಅಣ್ಣಿಗೇರಿಯಂಥ ತಾಲ್ಲೂಕು ಊರುಗಳ ಡಿಗ್ರಿ ಕಾಲೇಜುಗಳು, ಮತ್ತು ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕಾಲೇಜುಗಳು. ಪ್ರತಿ ಗುಂಪಿನೊಳಗೆ ವಿದ್ಯಾರ್ಥಿಗಳ ಸಂಖ್ಯೆ ಜಾಸ್ತಿ ಇರುವ ಕಾಲೇಜಿಗೆ ಆಯ್ಕೆಯಾಗುವ ಸಾಧ್ಯತೆಯೂ ಅಷ್ಟೇ ಜಾಸ್ತಿ ಇರಬೇಕು. ಇಲ್ಲದಿದ್ದರೆ ಎಂಬತ್ತು ಜನರ ಕಾಲೇಜಿನವನಿಗೂ ಎರಡು ಸಾವಿರ ಜನರ ಕಾಲೇಜಿನವನಿಗೂ ತೂಕ ಏರುಪೇರಾಗುತ್ತದೆ. ಆಯ್ಕೆಯಾದ ಕಾಲೇಜಿನಲ್ಲಿ ಎರಡು ಕ್ಲಾಸು, ಪ್ರತಿ ಕ್ಲಾಸಿನಿಂದ 15 ಜನ.

ಆ ಹದಿನೈದು ಜನ ಯಾರು ಅನ್ನುವಲ್ಲಿ ಜಾರುವುದು ಬಹಳ ಸುಲಭ. ಪ್ರಿನ್ಸಿಪಾಲರು ಒಳ್ಳೆಯ ಮನಸ್ಸಿನಿಂದಲೇ "ನಮ್ಮ ಚುರುಕು ಹುಡುಗರನ್ನು ಕಳಿಸ್ತೀನಿ" ಅನ್ನುತ್ತಾರೆ. ಬೇಡ. ದಾಖಲಾತಿ ರಿಜಿಸ್ಟರ್ ತೆಗೆದುಕೊಂಡು ಅದರಿಂದಲೇ ಹೆಸರು ಆರಿಸಬೇಕು, ಅವತ್ತು ಬಂದವರನ್ನಲ್ಲ. ತಾಲ್ಲೂಕಿನ ಕಾಲೇಜುಗಳಲ್ಲಿ ಮಧ್ಯಾಹ್ನದ ಮೇಲೆ ಬಸ್ಸಿನ ಹೊತ್ತು ನೋಡಿಕೊಂಡು ಕ್ಲಾಸು ಅರ್ಧ ಖಾಲಿಯಾಗಿರುತ್ತದೆ. ದೂರದ ಹಳ್ಳಿಯವರು, ಹೊಲದ ಕೆಲಸಕ್ಕೆ ಹೋಗುವವರು, ಪಾರ್ಟ್‌ಟೈಮ್ ದುಡಿಯುವವರು ಎಲ್ಲ ಆಗಲೇ ಹೋಗಿರುತ್ತಾರೆ. ಬೆಳಗಿನ ಮೊದಲ ಎರಡು ಪೀರಿಯಡ್‌ನಲ್ಲೇ ಹೋಗಬೇಕು, ಗೈರಾದವರಿಗಾಗಿ ಎರಡು ಸಲ ವಾಪಸ್ ಹೋಗಬೇಕು. ಸಿಗದವರ ಬದಲಿಗೆ ಪಕ್ಕದವರನ್ನು ತುಂಬಿಸಿಕೊಳ್ಳುವ ಹಾಗಿಲ್ಲ. ಐದರಲ್ಲೊಬ್ಬರ ಅವಕಾಶ ಇಟ್ಟುಕೊಂಡದ್ದೇ ಅದಕ್ಕೆ.

ವಯಸ್ಸಿನ ವಿಚಾರವೂ ಇದೆ. ಮೊದಲ ವರ್ಷದಲ್ಲಿ 17ರವರು ಇರುತ್ತಾರೆ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ, ಹಳ್ಳಿಯ ಪೋಷಕರ ಸಹಿಗೆ ಅಲೆಯುವುದರಲ್ಲಿ ತಿಂಗಳು ಹೋಗುತ್ತದೆ. ಎರಡನೇ ಮತ್ತು ಮೂರನೇ ವರ್ಷದವರನ್ನು, ಅದರಲ್ಲೂ 18 ತುಂಬಿದವರನ್ನು ಮಾತ್ರ ತೆಗೆದುಕೊಳ್ಳುವುದು ಕೆಲಸದ ದೃಷ್ಟಿಯಿಂದ ಸರಿ.

ಉತ್ತರ ಬರೆಯುವಾಗ ಲೆಕ್ಚರರ್ ಒಳಗಿರಬಾರದು. ಹೆಸರು, ರಿಜಿಸ್ಟರ್ ನಂಬರ್, ಫೋನ್ ನಂಬರ್ ಯಾವುದನ್ನೂ ಬರೆಸಿಕೊಳ್ಳಬಾರದು. 2025ರಲ್ಲಿ ಸುದ್ದಿಯಾದ ಕರ್ನಾಟಕದ ಸುಳ್ಳು ಸುದ್ದಿ ನಿಷೇಧದ ಕರಡು ಮಸೂದೆಯಲ್ಲಿ ಏಳು ವರ್ಷದವರೆಗೆ ಜೈಲು ಅಂತ ಇದ್ದದ್ದು ಬಹಳ ವಿದ್ಯಾರ್ಥಿಗಳಿಗೆ ಗೊತ್ತು. "ಸುಳ್ಳು ಸುದ್ದಿ" ಅನ್ನುವ ಮಾತೇ ಒಪ್ಪಿಗೆ ಪತ್ರದ ಮೇಲಿದ್ದರೆ ಎಲ್ಲರೂ ಹುಷಾರಾಗಿಬಿಡುತ್ತಾರೆ. "ಮೊಬೈಲಿನಲ್ಲಿ ಬರುವ ಸಂದೇಶಗಳ ಬಗ್ಗೆ ಅಧ್ಯಯನ, ಕೆಲವು ಸಂದೇಶಗಳು ತಪ್ಪಾಗಿರಬಹುದು, ಕೊನೆಯಲ್ಲಿ ಯಾವುವು ಅಂತ ತಿಳಿಸುತ್ತೇವೆ" ಅಂತ ಬರೆದರೆ ಮೋಸವೂ ಅಲ್ಲ, ಹೆದರಿಕೆಯೂ ಇಲ್ಲ.

ಹನ್ನೆರಡು ತಿಂಗಳು

ಕಾಲಪಟ್ಟಿಯನ್ನು ಸೆಮಿಸ್ಟರ್ ನೋಡಿಕೊಂಡು ಹಾಕಬೇಕು. ಜೂನ್‌ನಲ್ಲಿ ಶುರು ಅಂದುಕೊಳ್ಳಿ. ಜೂನ್, ಜುಲೈ ಪೂರ್ತಿ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಕಾಲೇಜುಗಳ ಅನುಮತಿ ಪತ್ರ, ಕಾಲೇಜು ಪಟ್ಟಿ ಮತ್ತು ವಿದ್ಯಾರ್ಥಿ ಸಂಖ್ಯೆ ಸಂಗ್ರಹಕ್ಕೆ ಹೋಗುತ್ತದೆ. ಇದಕ್ಕೆ ಎರಡು ವಾರ ಅಂತ ಬರೆದ ಪ್ರಸ್ತಾವಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಆಗಸ್ಟ್‌ನಲ್ಲಿ ಸಂದೇಶಗಳ ಸಂಗ್ರಹ ಮತ್ತು ಪೈಲಟ್. ನಲವತ್ತು ಸಂದೇಶ ಸೇರಿಸಿ, ಸ್ಯಾಂಪಲ್‌ನಲ್ಲಿ ಇಲ್ಲದ ಎರಡು ಕಾಲೇಜುಗಳ ಅರವತ್ತು ಜನರಿಗೆ ತೋರಿಸಬೇಕು. ಹತ್ತರಲ್ಲಿ ಒಂಬತ್ತು ಜನ ಸರಿಯಾಗಿ ಗುರುತಿಸಿದ್ದನ್ನು ತೆಗೆಯಬೇಕು, ಯಾರೂ ಕಳಿಸದೇ ಇದ್ದದ್ದನ್ನೂ ತೆಗೆಯಬೇಕು. ಉಳಿದವುಗಳಲ್ಲಿ ಆರು ಜೋಡಿ ಸಿಕ್ಕರೆ ಮೊದಲ ಭೇಟಿಯ ಮಟ್ಟಿಗೆ ಕೆಲಸ ಆಯಿತು. ಇದಾದ ಮೇಲೆ ಊಹೆಗಳನ್ನೂ ಲೆಕ್ಕದ ಮಾದರಿಯನ್ನೂ ಸಂಶೋಧನಾ ಯೋಜನೆಗಳನ್ನು ಮೊದಲೇ ದಾಖಲಿಸುವ ಓಎಸ್‌ಎಫ್‌ನಂಥ ತಾಣದಲ್ಲಿ ದಿನಾಂಕದ ಸಮೇತ ನೋಂದಾಯಿಸಿಬಿಡಬೇಕು. ಎರಡನೇ ಊಹೆಯ ಮಾದರಿ ಇಷ್ಟೇ:

```
share ~ truth * prompt + (1 + truth | student) + (1 | item) + (1 | college)
```

`share` ಅಂದರೆ ಕಳಿಸುತ್ತೇನೆ ಅಂದರೋ ಇಲ್ಲವೋ, `truth` ಅಂದರೆ ಸಂದೇಶ ನಿಜವೋ ಸುಳ್ಳೋ, `prompt` ಅಂದರೆ ಶುರುವಿನಲ್ಲಿ ಇದು ನಿಜವಾ ಅಂತ ಕೇಳಿಸಿಕೊಂಡರೋ ಇಲ್ಲವೋ. ಇಲ್ಲಿ ನೋಡಬೇಕಾದದ್ದು `truth` ಮತ್ತು `prompt` ಗುಣಾಕಾರದ ಸಂಖ್ಯೆಯನ್ನು. `prompt` ಒಂದೇ ಋಣ ಸಂಖ್ಯೆಯಾಗಿ, ಗಣನೀಯವಾಗಿ ಬಂದರೆ ವಿದ್ಯಾರ್ಥಿಗಳು ನಿಜ, ಸುಳ್ಳು ಎರಡನ್ನೂ ಕಡಿಮೆ ಕಳಿಸಿದರು ಅಂತ ಅರ್ಥ, ವಿವೇಚನೆ ಹೆಚ್ಚಿತು ಅಂತ ಅಲ್ಲ. ಈ ತಪ್ಪು ಓದು ಪ್ರಕಟವಾದ ಲೇಖನಗಳಲ್ಲೂ ಕಾಣಸಿಗುತ್ತದೆ.

ಕ್ಷೇತ್ರಕಾರ್ಯ ಸೆಪ್ಟೆಂಬರ್‌ನಲ್ಲಿ ಶುರುವಾಗಿ ದಸರೆಯ ಮೊದಲು ಮುಗಿಯಬೇಕು. ಎರಡು ತಂಡ ದಿನಕ್ಕೆ ತಲಾ ಒಂದು ಕಾಲೇಜು ಮಾಡಿದರೆ 15 ದಿನ, ವಾಪಸ್ ಹೋಗುವ ಭೇಟಿಗಳು ಸೇರಿ ಐದು ವಾರ. ಇದನ್ನು ಮೂರು ತಿಂಗಳಿಗೆ ಎಳೆದರೆ ಸಂದೇಶಗಳೇ ಹಳಸುತ್ತವೆ. ನಡುವೆ ಒಂದು ಚುನಾವಣೆಯೋ ಗಲಾಟೆಯೋ ಬಂದರೆ ಮೊದಲ ಕಾಲೇಜಿಗೂ ಕೊನೆಯ ಕಾಲೇಜಿಗೂ ಹೋಲಿಕೆಯೇ ಉಳಿಯುವುದಿಲ್ಲ. ಪ್ರಶ್ನೆಗಳನ್ನು ಟ್ಯಾಬ್‌ನಲ್ಲಿ ಕೋಬೋಟೂಲ್‌ಬಾಕ್ಸ್ ಅನ್ನುವ ಸರ್ವೆ ತಂತ್ರಾಂಶ ಹಾಕಿ ನೆಟ್ ಇಲ್ಲದೆಯೂ ನಡೆಯುವ ಹಾಗೆ ಮಾಡಿಕೊಳ್ಳಬೇಕು. ವಿದ್ಯಾರ್ಥಿಗಳ ಸ್ವಂತ ಫೋನಿಗೆ ಲಿಂಕ್ ಕೊಟ್ಟರೆ ಬ್ರೌಸರಿನ ಇನ್ನೊಂದು ಪುಟದಲ್ಲಿ ಗೂಗಲ್ ಮಾಡಿ ಉತ್ತರಿಸುವವರು ಇರುತ್ತಾರೆ, ಸುಳ್ಳಿನ ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಕಳಿಸುವ ಅಪಾಯವೂ ಇದೆ. ಯಾವ ಸಂದೇಶ ಸುಳ್ಳು, ಹೇಗೆ ಗೊತ್ತಾಯಿತು ಅನ್ನುವ ಹಾಳೆಯನ್ನು ಎಲ್ಲರಿಗೂ ಕೊಡಲೇಬೇಕು, ಆದರೆ ಎರಡೂ ಕ್ಲಾಸು ಒಂದೇ ಹೊತ್ತಿಗೆ ಕೂತು ಮುಗಿಸಿದ ಮೇಲೆ. ಮೊದಲ ಕ್ಲಾಸಿಗೆ ಕೊಟ್ಟರೆ ಕ್ಯಾಂಟೀನ್ ದಾಟುವಷ್ಟರಲ್ಲಿ ಎರಡನೆಯದಕ್ಕೆ ಉತ್ತರ ತಲುಪಿರುತ್ತದೆ. ವಾಪಸ್ ಭೇಟಿಯಲ್ಲಿ ಸಿಗುವವರಿಗೂ ಇದೇ ತೊಂದರೆ ಇರುವುದರಿಂದ ಅವರಿಗೆ ಇದೇ ರೀತಿ ಪೈಲಟ್ ಆದ ಬೇರೆ ಸಂದೇಶಗಳ ಗುಂಪು ಬೇಕು.

"ಕಳಿಸುತ್ತೇನೆ" ಅಂದದ್ದು ನಿಜವಾಗಿ ಕಳಿಸಿದಂತಲ್ಲ, ಅಲ್ವಾ? ಟ್ವಿಟರ್‌ನಲ್ಲಿ ಹೋಲಿಸಿ ನೋಡಿದ ಅಧ್ಯಯನವೊಂದರಲ್ಲಿ ಜನ ಹಂಚುತ್ತೇವೆ ಅಂದದ್ದಕ್ಕೂ ಅಲ್ಲಿ ಹಂಚಲ್ಪಟ್ಟದ್ದಕ್ಕೂ ತಕ್ಕಮಟ್ಟಿನ ಹೊಂದಿಕೆ ಇತ್ತು, ಪೂರ್ತಿ ಅಲ್ಲ. ವಾಟ್ಸಾಪ್‌ನೊಳಗೆ ಇಣುಕಲು ಬರುವುದಿಲ್ಲ, ಇಣುಕಲೂಬಾರದು, ಗ್ರೂಪಿನ ಉಳಿದವರು ಒಪ್ಪಿಗೆ ಕೊಟ್ಟಿರುವುದಿಲ್ಲ. ಅದಕ್ಕೆ ನವೆಂಬರ್‌ನಲ್ಲಿ ಸ್ವಂತ ಇಚ್ಛೆಯಿಂದ ಬಂದ ನಲವತ್ತು ಜನರೊಂದಿಗೆ ಮಾತುಕತೆ. ಅವರು ತಮ್ಮ ಫೋನನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, ತಾವು ಕೊನೆಯದಾಗಿ ಫಾರ್ವರ್ಡ್ ಮಾಡಿದ ಹತ್ತು ಸಂದೇಶ ನೋಡಿ, ಯಾವ ಬಗೆಯದು, ಯಾರಿಗೆ ಹೋಯಿತು, ಕಳಿಸುವ ಮೊದಲು ಪೂರ್ತಿ ಓದಿದ್ದರಾ ಅಂತ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾರೆ. ನಾವು ಪರದೆ ನೋಡುವುದಿಲ್ಲ.

ಡಿಸೆಂಬರ್, ಜನವರಿ ಪರೀಕ್ಷೆಗಳ ಕಾಲ, ಕಾಲೇಜಿಗೆ ಹೋಗಿ ಪ್ರಯೋಜನವಿಲ್ಲ. ದತ್ತಾಂಶ ಶುದ್ಧಿ, ಮಾತುಕತೆಗಳನ್ನು ಬರಹಕ್ಕಿಳಿಸುವುದು ಆಗ. ಫೆಬ್ರವರಿ, ಮಾರ್ಚ್ ವಿಶ್ಲೇಷಣೆ, ಏಪ್ರಿಲ್, ಮೇ ಬರವಣಿಗೆ.

ಭಾಗವಹಿಸಿದ ಕಾಲೇಜುಗಳು ಕೊನೆಗೆ "ನಮ್ಮ ಹುಡುಗರು ಹೇಗೆ ಮಾಡಿದರು, ನಮ್ಮದು ಎಷ್ಟನೇ ಸ್ಥಾನ" ಅಂತ ಕೇಳುತ್ತವೆ. ಅದನ್ನು ಕೊಡುವುದಿಲ್ಲ ಅಂತ ಅನುಮತಿ ಪತ್ರದಲ್ಲೇ ಬರೆದಿರಬೇಕು. 30 ಜನರ ಉತ್ತರದಿಂದ ಒಂದು ಕಾಲೇಜಿನ ಬಗ್ಗೆ ಏನೂ ಹೇಳಲು ಬರುವುದಿಲ್ಲ, ಹೇಳಿದರೆ ಅದು ಮರುದಿನ ಪತ್ರಿಕೆಯಲ್ಲಿ ತಪ್ಪು ತಲೆಬರಹವಾಗುತ್ತದೆ. ಮೂರು ಗುಂಪುಗಳ ಮಟ್ಟದ ಅಂಕಿ, ಆರು ಜೋಡಿ ಸಂದೇಶಗಳು, ಅವುಗಳ ಉತ್ತರದ ಹಾಳೆ ಇಷ್ಟನ್ನು ಕನ್ನಡದಲ್ಲಿ ಎಲ್ಲ 30 ಕಾಲೇಜಿಗೂ ಒಂದೇ ದಿನ ಕಳಿಸಬೇಕು.